ಫ್ಲಶ್ ಒತ್ತಿದರೆ ಷವರ್ ಸುಡುವುದೇಕೆ?

ಬೆಂಗಳೂರಿನ ಬಸವೇಶ್ವರನಗರದ ಅಕ್ಕನ ಮನೆಯಲ್ಲಿ ಯಾರಾದರೂ ಸ್ನಾನಕ್ಕೆ ಹೋದರೆ ಉಳಿದವರು ನಲ್ಲಿ ಮುಟ್ಟುವಂತಿರಲಿಲ್ಲ. ಪಕ್ಕದ ಬಾತ್‌ರೂಮಿನಲ್ಲಿ ಫ್ಲಶ್ ಒತ್ತಿದರೆ ಷವರಿನ ನೀರು ಸುಡುತ್ತಿತ್ತು. ಫ್ಲಶ್ ಟ್ಯಾಂಕ್ ತುಂಬಿದ ಮೇಲೆ ಮತ್ತೆ ಹದಕ್ಕೆ ಬರುತ್ತಿತ್ತು. ಮಿಕ್ಸರ್ ಕೆಟ್ಟಿದೆಯೆಂದು ಭಾವ ಎರಡು ಸಲ ಬದಲಿಸಿದ್ದರು. ಕಳೆದ ತಿಂಗಳು ಪ್ಲಂಬರ್ ಜೊತೆ ತಾರಸಿ ಹತ್ತಿದಾಗಲೇ ನನಗೆ ತಿಳಿದದ್ದು, ದೋಷವಿರುವುದು ಮಿಕ್ಸರಿನಲ್ಲಲ್ಲ, ಅದಕ್ಕೆ ಬಂದು ಸೇರುವ ಎರಡು ಪೈಪುಗಳಲ್ಲಿ.

ಬಿಸಿನೀರಿನ ಪೈಪು ಸೋಲಾರ್ ಟ್ಯಾಂಕಿನಿಂದ ನೇರವಾಗಿ ಇಳಿದಿದೆ. ತಣ್ಣೀರಿನದು ಮುಕ್ಕಾಲು ಇಂಚಿನ ಒಂದೇ ಪೈಪು. ಫ್ಲಶ್, ವಾಷ್ ಬೇಸಿನ್, ಅಡುಗೆಮನೆ ಎಲ್ಲಕ್ಕೂ ಅದೇ. ಷವರಿಗೂ ಓವರ್‌ಹೆಡ್ ಟ್ಯಾಂಕಿನ ನೀರಿಗೂ ಇರುವ ಎತ್ತರ ಹೆಚ್ಚೆಂದರೆ ಮೂರು ಮೀಟರ್. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಎಂದರೆ ಇಲ್ಲಿರುವುದು ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಇಷ್ಟು ಕಡಿಮೆ ಒತ್ತಡದಲ್ಲಿ ಹಂಚಿಕೆಯ ಪೈಪಿನಲ್ಲಿ ಇನ್ನೊಂದು ನಲ್ಲಿ ತೆರೆದರೆ ಷವರಿನ ಪಾಲು ತಟ್ಟನೆ ಕುಸಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 60 ಡಿಗ್ರಿಯ ಬಿಸಿನೀರು 3 ಲೀಟರ್, 25 ಡಿಗ್ರಿಯ ತಣ್ಣೀರು 4 ಲೀಟರ್ ಬೆರೆತರೆ ಮೈಗೆ ಬೀಳುವುದು 40 ಡಿಗ್ರಿ, ಹದವಾದ ನೀರು. ಫ್ಲಶ್ ತುಂಬುವಾಗ ತಣ್ಣೀರು 2 ಲೀಟರಿಗೆ ಇಳಿದು, ಬಿಸಿನೀರು ಹಾಗೇ ಉಳಿದರೆ 46 ಡಿಗ್ರಿ. ಬಿಸಿಲಿನ ದಿನ ಸೋಲಾರ್ ಟ್ಯಾಂಕು 70 ದಾಟಿದ್ದರೆ ಇನ್ನೂ ಹೆಚ್ಚು. ಉಳಿದವರು ಪಕ್ಕಕ್ಕೆ ಸರಿಯುತ್ತಾರೆ, ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುವ ಅಕ್ಕನ ಅತ್ತೆಗೆ ಅದು ಆಗುವುದಿಲ್ಲ. ನನ್ನ ಆತಂಕವಿದ್ದದ್ದು ಅಲ್ಲಿಯೇ.

ಆದರೆ ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. "ಇಲ್ಲಿ ನೋಡಿ ಸಾರ್, ಪಾಚಿ" ಎಂದು ಪ್ಲಂಬರ್ ಸೋಲಾರಿನ ಏರ್ ವೆಂಟ್ ತೋರಿಸಿದರು. ಗಾಳಿ, ಆವಿ ಹೋಗಲು ಆಕಾಶಕ್ಕೆ ತೆರೆದಿರುವ ಪೈಪು ಅದು. ಅದರ ಬಾಯಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿದೆ, ತಾನಾಗಿ ನೀರು ಸುರಿಯುವಂತಿಲ್ಲ. ಆದರೂ ಕೆಳಗಿನ ಗೋಡೆಯ ಮೇಲೆ ಹಸಿರು ಪಟ್ಟಿ. ಟ್ಯಾಂಕಿನ ಬಾಲ್ ವಾಲ್ವ್ ಸರಿಯಾಗಿತ್ತು. ಹಾಗಾದರೆ ನೀರು ಬಂದದ್ದು ಎಲ್ಲಿಂದ?

ಬಾತ್‌ರೂಮಿನಿಂದ! ಷವರ್ ಜೋರಾಗಿ ಬರಲೆಂದು ಹಿಂದಿನ ವರ್ಷ ಯಾರದೋ ಸಲಹೆಯ ಮೇಲೆ ತಣ್ಣೀರಿನ ಪೈಪಿಗೆ ಪ್ರೆಷರ್ ಪಂಪ್ ಹಾಕಿಸಿದ್ದರು, ಮೇಲಿನ ಲೆಕ್ಕ ಅದು ಓಡದಿರುವಾಗಿನದು. ಬಿಸಿನೀರಿನ ಪೈಪಿಗೆ ಪಂಪ್ ಇಲ್ಲ. ಕೈ ಷವರಿನ ಗುಂಡಿ ಒತ್ತಿ ನೀರು ನಿಲ್ಲಿಸಿ, ಮಿಕ್ಸರಿನ ಹಿಡಿಯನ್ನು ನಡುವೆಯೇ ಬಿಟ್ಟರೆ, ಪಂಪಿನ ಒತ್ತಡದ ತಣ್ಣೀರು ಮಿಕ್ಸರಿನೊಳಗೇ ದಾಟಿ ಬಿಸಿನೀರಿನ ಪೈಪಿನಲ್ಲಿ ಮೇಲಕ್ಕೆ ಏರುತ್ತದೆ. ಸೋಲಾರಿನ ಒಳಹರಿವಿನಲ್ಲಿ ಎನ್‌ಆರ್‌ವಿ ಇದ್ದುದರಿಂದ ಅದಕ್ಕೆ ಓವರ್‌ಹೆಡ್ ಟ್ಯಾಂಕಿಗೆ ಹಿಂದಿರುಗುವ ದಾರಿಯಿಲ್ಲ. ಏರ್ ವೆಂಟೇ ಗತಿ. ಪ್ಲಂಬರ್ ಪಂಪ್ ಚಾಲೂ ಮಾಡಿ, ಕೆಳಗೆ ಅಕ್ಕನಿಗೆ ಕೈ ಷವರ್ ಮುಚ್ಚಿ ಹಿಡಿಯಲು ಹೇಳಿದರು. ಅರ್ಧ ನಿಮಿಷದಲ್ಲಿ ವೆಂಟಿನಿಂದ ನೀರು ಸುರಿಯಿತು. ಮಿಕ್ಸರಿಗೆ ಹೋಗುವ ಬಿಸಿನೀರಿನ ಸ್ಟಾಪ್ ಕಾಕ್ ಮುಚ್ಚಿದೊಡನೆ ನಿಂತಿತು. ಸಂಜೆಯ ಬಿಸಿನೀರು ಬೆಳಿಗ್ಗೆಗೆ ಉಗುರುಬೆಚ್ಚಗಾಗುತ್ತಿದ್ದುದರ ಕಾರಣವೂ ಅದೇ. ನಾವು ಮೂರು ಸಲ ಈ ಪರೀಕ್ಷೆ ಮಾಡಿದೆವು, ಮೂರನೆಯದು ನನ್ನ ಸಂತೋಷಕ್ಕೆ.

ಒಂದೇ ಹಿಡಿಯ ಮಿಕ್ಸರಿನ ಕಥೆ ಹಳೆಯದು. 1937ರಲ್ಲಿ ಎರಡು ಹಿಡಿಯ ನಲ್ಲಿಯಿಂದ ಕೈ ಸುಟ್ಟುಕೊಂಡ ಅಮೆರಿಕದ ವಿದ್ಯಾರ್ಥಿ ಆಲ್ ಮೋಯೆನ್‌ಗೆ ಅದರ ಯೋಚನೆ ಹೊಳೆಯಿತು. 1947ರಲ್ಲಿ ಅದು ಮಾರುಕಟ್ಟೆಗೆ ಬಂತು. ಫ್ಲಶ್ ಒತ್ತಿದಾಗ ನೀರು ಸುಡದಂತೆ ಒತ್ತಡ ಸರಿದೂಗಿಸುವ ವಾಲ್ವ್ ಬೇರೆ. ಅದರೊಳಗಿನ ಸಣ್ಣ ಪಿಸ್ಟನ್, ಒತ್ತಡ ಕುಸಿದ ಕಡೆಗೆ ಜರುಗಿ ಇನ್ನೊಂದು ಕಡೆಯ ದಾರಿಯನ್ನು ಕಿರಿದಾಗಿಸುತ್ತದೆ. ತಣ್ಣೀರು ಕಡಿಮೆಯಾದಷ್ಟೇ ಬಿಸಿನೀರೂ ಕಡಿಮೆ, ಹದ ಮಾತ್ರ ಬದಲಾಗದು. ನನಗೆ ಬಲು ಇಷ್ಟವಾದ ಉಪಾಯ ಇದು. ಆದರೆ ಟ್ಯಾಂಕಿನ ಕೆಳಗಿನ ಮಹಡಿಗೆ ಅದನ್ನು ಕೊಂಡುಕೊಳ್ಳಿ ಎಂದರೆ ನಾನು ಒಪ್ಪುವುದಿಲ್ಲ. ಇಂಥ ವಾಲ್ವುಗಳು ಹೆಚ್ಚಾಗಿ ಒಂದು ಬಾರಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚಿನ ಒತ್ತಡಕ್ಕೆ ಮಾಡಿದವು. ಕಾಲು ಬಾರಿನಲ್ಲಿ ಪಿಸ್ಟನ್ ಸರಿಯಾಗಿ ಜರುಗುವುದಿಲ್ಲ, ಷವರ್ ಹನಿಯತೊಡಗುತ್ತದೆ. ಜೊತೆಗೆ ಬಿಸಿನೀರೇ ತಣ್ಣಗಾಗುತ್ತ ಬಂದರೆ ಅದಕ್ಕೆ ಗೊತ್ತಾಗುವುದಿಲ್ಲ, ಅದು ನೋಡುವುದು ಒತ್ತಡವನ್ನು ಮಾತ್ರ.

ಪ್ಲಂಬರ್ ಮಾಡಿದ್ದು ಸರಳ ಕೆಲಸ. ಓವರ್‌ಹೆಡ್ ಟ್ಯಾಂಕಿನಿಂದ ಬಾತ್‌ರೂಮಿನ ಮಿಕ್ಸರಿಗೆ ಮಾತ್ರ ಬೇರೆಯೇ ಒಂದು ಸಿಪಿವಿಸಿ ಪೈಪು ಇಳಿಸಿದರು, ಬಿಸಿನೀರಿನ ಪೈಪಿನಷ್ಟೇ ಗಾತ್ರದ್ದು, ಪಂಪ್ ಇಲ್ಲದೆ. ಪಂಪನ್ನು ವಾಷಿಂಗ್ ಮೆಷಿನ್ನಿನ ಪೈಪಿಗೆ ಸ್ಥಳಾಂತರಿಸಿದರು. ಈಗ ಎರಡೂ ಕಡೆ ಒಂದೇ ಎತ್ತರದ ನೀರು, ಹೆಚ್ಚುಕಡಿಮೆ ಒಂದೇ ಒತ್ತಡ. ಷವರಿನ ರಭಸ ಮೊದಲಿಗಿಂತ ಕಡಿಮೆಯಾಗಿದೆ, ಅಕ್ಕನಿಗೆ ಅದು ಒಪ್ಪಿಗೆ.

ಮೊನ್ನೆ ನಾನು ಸ್ನಾನ ಮಾಡುವಾಗ ಭಾವ ಬೇಕೆಂದೇ ಎರಡು ಸಲ ಫ್ಲಶ್ ಒತ್ತಿದರಂತೆ. ಹೊರಗೆ ಬಂದ ಮೇಲೆ ಅವರು ಹೇಳಿದಾಗಲೇ ನನಗೆ ಗೊತ್ತಾದದ್ದು.