ವಿಕ್ಟೋರಿಯಾ ಮತ್ತು ಆಲ್ಬರ್ಟ್: ಕೂಡಿದರೆ ನಲವತ್ತೆರಡು

ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ತನ್ನ ಸೋದರಮಾವನ ಮಗ ಆಲ್ಬರ್ಟನನ್ನು 1840ರ ಫೆಬ್ರವರಿ 10ರಂದು ಮದುವೆಯಾದಳು. ಪಟ್ಟದ ರಾಣಿಯನ್ನು ಗಂಡು ಕೇಳುವಂತಿರಲಿಲ್ಲವಾದ್ದರಿಂದ ಮದುವೆಯ ಮಾತನ್ನು ಮೊದಲು ಎತ್ತಿದವಳೂ ಅವಳೇ. ಆ ದಾಂಪತ್ಯದಲ್ಲಿ ಒಂಬತ್ತು ಮಕ್ಕಳಾದರು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಎಷ್ಟು ಹಚ್ಚಿಕೊಂಡಿದ್ದರೆಂಬುದಕ್ಕೆ ರಾಣಿಯ ದಿನಚರಿ ಪುಸ್ತಕಗಳೇ ಸಾಕ್ಷಿ. ಚಾಲ್ಡಿಯನ್ ಸಂಖ್ಯಾಶಾಸ್ತ್ರ ಬಲ್ಲವರ ಕೈಗೆ ಈ ಜೋಡಿಯ ಹೆಸರುಗಳನ್ನು ಕೊಟ್ಟರೆ ಅವರು ಮಾಡುವ ಲೆಕ್ಕ ಹೀಗಿರುತ್ತದೆ.

ಈ ಪದ್ಧತಿಯಲ್ಲಿ ಇಂಗ್ಲಿಷಿನ ಪ್ರತಿ ಅಕ್ಷರಕ್ಕೂ ಒಂದರಿಂದ ಎಂಟರೊಳಗಿನ ಒಂದು ಬೆಲೆ ಇದೆ. ಎ, ಐ, ಜೆ, ಕ್ಯೂ, ವೈ ಅಕ್ಷರಗಳಿಗೆ 1. ಬಿ, ಕೆ, ಆರ್‌ಗೆ 2. ಸಿ, ಜಿ, ಎಲ್, ಎಸ್‌ಗೆ 3. ಡಿ, ಎಂ, ಟಿಗೆ 4. ಇ, ಎಚ್, ಎನ್, ಎಕ್ಸ್‌ಗೆ 5. ಯು, ವಿ, ಡಬ್ಲ್ಯೂಗೆ 6. ಓ, ಜೆಡ್‌ಗೆ 7. ಎಫ್, ಪಿಗೆ 8. ಒಂಬತ್ತು ಯಾವ ಅಕ್ಷರದ ಪಾಲಿಗೂ ಬಂದಿಲ್ಲ. ಅದು ಪರಮ ಪವಿತ್ರ ಸಂಖ್ಯೆ, ಹಾಗಾಗಿ ಅದನ್ನು ಅಕ್ಷರಕ್ಕೆ ಕಟ್ಟುವಂತಿಲ್ಲ ಎಂಬುದು ಈ ಪದ್ಧತಿಯವರ ನಂಬಿಕೆ.

ವಿಕ್ಟೋರಿಯಾ ಹೆಸರಿನ ಎಂಟು ಅಕ್ಷರಗಳ ಬೆಲೆ 6, 1, 3, 4, 7, 2, 1, 1. ಮೊತ್ತ 25. ಆಲ್ಬರ್ಟ್ ಹೆಸರಿಗೆ 1, 3, 2, 5, 2, 4. ಮೊತ್ತ 17. ಹೀಗೆ ಎರಡಂಕಿಯಲ್ಲಿ ನಿಲ್ಲುವ ಮೊತ್ತವೇ ಸಂಯುಕ್ತ ಸಂಖ್ಯೆ. ಅದನ್ನು ಮತ್ತೆ ಕೂಡಿಸಿದಾಗ ಬರುವ ಒಂಟಿ ಅಂಕಿ ಮನುಷ್ಯ ಹೊರಗೆ ಹೇಗೆ ಕಾಣುತ್ತಾನೆ ಎಂಬುದನ್ನು ಹೇಳಿದರೆ, ಸಂಯುಕ್ತ ಸಂಖ್ಯೆ ತೆರೆಮರೆಯ ವಿಧಿಯನ್ನು ಹೇಳುತ್ತದಂತೆ. ಇಪ್ಪತ್ತೈದು ಎಂದರೆ ಅನುಭವದಿಂದ ಬರುವ ಬಲ. ಹದಿನೇಳು ನಕ್ಷತ್ರದ ಸಂಖ್ಯೆ, ಸತ್ತ ಮೇಲೂ ಹೆಸರು ಉಳಿಯುತ್ತದೆ ಎಂಬುದು ಅದರ ಶಕುನ. ಎರಡನ್ನೂ ಕೂಡಿಸಿದರೆ 42. ಇದಕ್ಕೆ ಫಲ 24ರದ್ದೇ: ಪ್ರೀತಿಯಿಂದ ಲಾಭ, ದೊಡ್ಡವರ ಆಸರೆ. ಜೋಡಿಯೊಂದಕ್ಕೆ ಇದಕ್ಕಿಂತ ಒಳ್ಳೆಯ ಸಂಖ್ಯೆ ಪಟ್ಟಿಯಲ್ಲಿ ಅಪರೂಪ.

ಆದರೆ 1861ರ ಡಿಸೆಂಬರ್ 14ರಂದು ಆಲ್ಬರ್ಟ್ ತೀರಿಕೊಂಡ. ಆಗ ಅವನ ವಯಸ್ಸು ಸರಿಯಾಗಿ ನಲವತ್ತೆರಡು. ವಿಕ್ಟೋರಿಯಾ 1901ರಲ್ಲಿ ಕಣ್ಣು ಮುಚ್ಚುವವರೆಗೂ ಕಪ್ಪು ಬಟ್ಟೆ ಬಿಡಲಿಲ್ಲ. ಅದೇ ಸಂಖ್ಯೆಯನ್ನು ಒಬ್ಬರು ಪ್ರೇಮದ ಶಕುನವೆಂದು ಓದಬಹುದು, ಇನ್ನೊಬ್ಬರು ಅಗಲಿಕೆಯ ಗಡುವೆಂದು ಓದಬಹುದು. ಯಾವುದನ್ನು ಆರಿಸಬೇಕೆಂದು ಸಂಖ್ಯೆ ತಾನಾಗಿ ಹೇಳುವುದಿಲ್ಲ.

ಈ ಫಲಗಳ ಪಟ್ಟಿಯನ್ನು ಜಗತ್ತಿಗೆಲ್ಲ ಹಬ್ಬಿಸಿದವನು ಕೀರೋ. ಐರ್ಲೆಂಡಿನಲ್ಲಿ 1866ರಲ್ಲಿ ಹುಟ್ಟಿದ ಈ ಹಸ್ತಸಾಮುದ್ರಿಕನ ನಿಜವಾದ ಹೆಸರು ವಿಲಿಯಂ ಜಾನ್ ವಾರ್ನರ್. ಸಂಖ್ಯೆಗಳ ಬಗ್ಗೆ ಅವನು ಬರೆದ ಪುಸ್ತಕದಲ್ಲಿ 10ರಿಂದ 52ರವರೆಗಿನ ಸಂಯುಕ್ತ ಸಂಖ್ಯೆಗಳಿಗೆ ಫಲಗಳಿವೆ, ಕೆಲವಕ್ಕೆ ಚಿತ್ರಗಳೂ ಇವೆ. ವರ್ಷಕ್ಕೆ 52 ವಾರಗಳಿರುವುದರಿಂದ ಅಲ್ಲಿಗೆ ನಿಲ್ಲಿಸಿದ್ದಾನೆ. ಗಂಡು ಹೆಣ್ಣಿನ ಹೆಸರು ಕೂಡಿಸಿ ನೋಡುವವರ ಕಣ್ಣು ಅದರಲ್ಲಿ ಕೆಲವು ಸಂಖ್ಯೆಗಳ ಮೇಲೆ ಮಾತ್ರ ನೆಟ್ಟಿರುತ್ತದೆ. 24, 33, 42 ಪ್ರೀತಿಯ ಸಂಖ್ಯೆಗಳು. 37 ಮತ್ತು 46 ಸ್ನೇಹಕ್ಕೂ ಪಾಲುದಾರಿಕೆಗೂ ಶುಭ. 18 ಬಂದರೆ ಮನೆಯೊಳಗೆ ಜಗಳ. 26, 35, 44 ಬಂದರೆ ಕೂಡುವಿಕೆಯಿಂದಲೇ ಹಾನಿ. 28 ಬಂದರೆ ನಂಬಿದವರಿಂದ ನಷ್ಟ. 29, 38, 47 ಬಂದರೆ ಸಂಗಾತಿಯಿಂದ ವಂಚನೆ, ದುಃಖ.

ಈ ಚಿತ್ರಗಳು ಎಲ್ಲಿಂದ ಬಂದವು ಎಂದು ಹುಡುಕಿದರೆ ಬ್ಯಾಬಿಲೋನಿಗೆ ಹೋಗಬೇಕಿಲ್ಲ. ಹತ್ತಕ್ಕೆ ಅದೃಷ್ಟದ ಚಕ್ರ, ಹದಿಮೂರಕ್ಕೆ ಅಸ್ಥಿಪಂಜರ, ಹದಿನಾರಕ್ಕೆ ಸಿಡಿಲು ಬಡಿದ ಗೋಪುರ, ಹದಿನೇಳಕ್ಕೆ ನಕ್ಷತ್ರ, ಹದಿನೆಂಟಕ್ಕೆ ಚಂದ್ರ, ಹತ್ತೊಂಬತ್ತಕ್ಕೆ ಸೂರ್ಯ. ಟ್ಯಾರೊ ಎಲೆಗಳನ್ನು ಹರಡಿ ನೋಡಿದವರಿಗೆ ಇವು ಅದೇ ಕ್ರಮದಲ್ಲಿ ಅವೇ ಚಿತ್ರಗಳೆಂದು ಕೂಡಲೇ ತಿಳಿಯುತ್ತದೆ. ಟ್ಯಾರೊ ಹುಟ್ಟಿದ್ದು ಹದಿನೈದನೆಯ ಶತಮಾನದ ಇಟಲಿಯಲ್ಲಿ, ಇಸ್ಪೀಟಿನಂಥ ಆಟಕ್ಕಾಗಿ.

ಅಕ್ಷರಗಳ ಬೆಲೆಯ ಮೂಲವೂ ಬೇರೆಯೇ. ಹೀಬ್ರೂ ಭಾಷೆಯಲ್ಲಿ ಅಕ್ಷರಗಳೇ ಅಂಕಿಗಳು: ಲಾಮೆದ್ 30, ಮೇಮ್ 40, ನೂನ್ 50, ರೇಶ್ 200, ತಾವ್ 400. ಸೊನ್ನೆಗಳನ್ನು ಕಿತ್ತುಹಾಕಿ. ಎಲ್‌ಗೆ 3, ಎಂಗೆ 4, ಎನ್‌ಗೆ 5, ಆರ್‌ಗೆ 2, ಟಿಗೆ 4 ಉಳಿಯುತ್ತವೆ. ಒಂಬತ್ತು ಖಾಲಿ ಉಳಿದದ್ದಕ್ಕೂ ಇಲ್ಲೇ ಸರಳವಾದ ಕಾರಣ ಸಿಗುತ್ತದೆ. ಹೀಬ್ರೂವಿನಲ್ಲಿ 9 ಮತ್ತು 90 ಆಗಿರುವ ತೇತ್, ತ್ಸಾದೆ ಅಕ್ಷರಗಳಿಗೆ ಇಂಗ್ಲಿಷಿನಲ್ಲಿ ನೇರ ಜೋಡಿ ಇಲ್ಲ. ನಿಜವಾದ ಚಾಲ್ಡಿಯನ್ನರು ಕ್ರಿಸ್ತಪೂರ್ವ 539ರವರೆಗೆ ಬ್ಯಾಬಿಲೋನನ್ನು ಆಳಿದ ವಂಶದವರು. ಅವರ ಕಾಲದ ಜೇಡಿಮಣ್ಣಿನ ಫಲಕಗಳ ಮೇಲಿರುವುದು ಬೆಣೆಯಾಕಾರದ ಲಿಪಿ. ಜೆ ಮತ್ತು ಡಬ್ಲ್ಯೂ ಅಕ್ಷರಗಳು ಹುಟ್ಟಿದ್ದು ಅದಾಗಿ ಸಾವಿರಾರು ವರ್ಷಗಳ ಮೇಲೆ.

ಇನ್ನು ನಮ್ಮ ಹೆಸರುಗಳಿಗೆ ಬರೋಣ. ರವಿ ಮತ್ತು ಗೀತಾ ಎಂಬ ಜೋಡಿ ಇದೆ ಎಂದುಕೊಳ್ಳಿ. ರವಿ (Ravi) ಎಂದರೆ 2, 1, 6, 1. ಮೊತ್ತ 10, ಅದೃಷ್ಟದ ಚಕ್ರ. ಗೀತಾ ಎಂಬ ಎರಡಕ್ಷರದ ಹೆಸರಿಗೆ ಮಾತ್ರ ಇಂಗ್ಲಿಷಿನಲ್ಲಿ ಮೂರು ದಾರಿಗಳಿವೆ. ನಮ್ಮ ಕಡೆ ತಕಾರಕ್ಕೆ ಟಿ-ಎಚ್ ಬರೆಯುವ ರೂಢಿಯಂತೆ Geetha ಎಂದರೆ 23. ಉತ್ತರದವರಂತೆ Geeta ಎಂದರೆ 18. ಚಿಕ್ಕದಾಗಿ Gita ಎಂದರೆ 9. ರವಿಯ ಹತ್ತನ್ನು ಕೂಡಿಸಿದರೆ ಕ್ರಮವಾಗಿ 33, 28, 19. ಮೊದಲನೆಯದು ಪ್ರೀತಿಯ ಲಾಭ, ಎರಡನೆಯದು ನಂಬಿಕೆಯಿಂದ ನಷ್ಟ, ಮೂರನೆಯದು ಸೂರ್ಯನ ಯಶಸ್ಸು. ಹುಡುಗಿ ಒಬ್ಬಳೇ, ಕನ್ನಡದಲ್ಲಿ ಕರೆಯುವ ಹೆಸರೂ ಒಂದೇ.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಕೆಲವರು ಎಲ್ಲ ಅಕ್ಷರಗಳನ್ನೂ ಒಟ್ಟಿಗೆ ಕೂಡಿಸುತ್ತಾರೆ. ಇನ್ನು ಕೆಲವರು ಪ್ರತಿ ಹೆಸರನ್ನೂ ಮೊದಲು ಒಂಟಿ ಅಂಕಿಗೆ ಇಳಿಸಿ ಆಮೇಲೆ ಕೂಡಿಸುತ್ತಾರೆ. ಆ ಎರಡನೆಯ ದಾರಿಯಲ್ಲಿ ರವಿಯ 10 ಒಂದಾಗುತ್ತದೆ, Geeta ಹೆಸರಿನ 18 ಒಂಬತ್ತಾಗುತ್ತದೆ, ಒಟ್ಟು 10. ನಷ್ಟದ 28 ಇದ್ದ ಜಾಗದಲ್ಲಿ ಅದೃಷ್ಟದ ಚಕ್ರ ಬಂತು. ಕೊನೆಯ ಒಂಟಿ ಅಂಕಿ ಎರಡೂ ದಾರಿಯಲ್ಲಿ ಒಂದೇ ಆಗಿರುತ್ತದೆ, ಏಕೆಂದರೆ ಅಂಕಿಗಳನ್ನು ಕೂಡಿಸುತ್ತಾ ಹೋಗುವುದೆಂದರೆ ಒಂಬತ್ತರಿಂದ ಭಾಗಿಸಿ ಶೇಷ ನೋಡಿದ ಹಾಗೆ. ಆದರೆ ಶಕುನ ಕುಳಿತಿರುವುದು ನಡುವಿನ ಸಂಯುಕ್ತ ಸಂಖ್ಯೆಯಲ್ಲಿ. ಅದು ಯಾವ ಹೆಜ್ಜೆಯಲ್ಲಿ ನಿಂತು ನೋಡಿದಿರಿ ಎಂಬುದರ ಮೇಲೆ ಬದಲಾಗುತ್ತದೆ. ವಿಕ್ಟೋರಿಯಾ ಆಲ್ಬರ್ಟರ 42 ಕೂಡ ಈ ದಾರಿಯಲ್ಲಿ 15 ಆಗುತ್ತದೆ.

ಹೆಸರಿಗೆ ಒಂದು ಅಕ್ಷರ ಹೆಚ್ಚಿಸಿಕೊಂಡು ಸಂತೋಷಪಡುವವರ ಬಗ್ಗೆ ಯಾರದೂ ತಕರಾರು ಇರಬೇಕಿಲ್ಲ. ನೋವಾಗುವುದು ಎಲ್ಲ ಒಪ್ಪಿಗೆಯಾಗಿ, ಜಾತಕವೂ ಕೂಡಿ, ಕೊನೆಯಲ್ಲಿ 28 ಬಂತೆಂದು ಹುಡುಗಿಯ ಮನೆಗೆ ಬೇಡವೆಂಬ ಮಾತು ಹೋದಾಗ. ಹಾಗೆ ಯಾರಾದರೂ ಹೇಳಿದರೆ ಆ ಮನೆಯವರು ಮೂರು ವಿಷಯ ಕೇಳಿ ನೋಡಬೇಕು. ಯಾವ ಕಾಗುಣಿತದಿಂದ ಎಣಿಸಿದಿರಿ? ಒಟ್ಟಿಗೆ ಕೂಡಿಸಿದಿರೋ, ಇಳಿಸಿ ಕೂಡಿಸಿದಿರೋ? ಇನಿಶಿಯಲ್ ಸೇರಿಸಿದಿರೋ, ಬಿಟ್ಟಿರೋ? ಊರಿನದೋ ತಂದೆಯದೋ ಹೆಸರಿನ ಮೊದಲಕ್ಷರ ಇಟ್ಟುಕೊಳ್ಳುವ ನಮ್ಮಲ್ಲಿ ಈ ಮೂರನೆಯ ಪ್ರಶ್ನೆ ಸಣ್ಣದಲ್ಲ. ರವಿಯ ಹಿಂದೆ ಒಂದು 'ಕೆ' ಸೇರಿಸಿದರೆ ಸಾಕು, ಅವನ ಹತ್ತು ಹನ್ನೆರಡಾಗುತ್ತದೆ. ಅವರಿಬ್ಬರ ಇಪ್ಪತ್ತೆಂಟು ಮೂವತ್ತಾಗುತ್ತದೆ. ಮೂವತ್ತು ಯೋಚನಾಶಕ್ತಿಯ ಸಂಖ್ಯೆ. ಅದರ ಫಲದಲ್ಲಿ ನಷ್ಟದ ಸುದ್ದಿಯೇ ಇಲ್ಲ.