ಬಲೆಗದ್ದೆಯೋ, ಬಾಳೆಗದ್ದೆಯೋ?

ನಮ್ಮ ಮನೆ ತೋಡೂರಿನ ಪುನರ್ವಸತಿ ಕಾಲೊನಿಯಲ್ಲಿದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ಕಡಲಂಚಿನ ಊರುಗಳನ್ನು ಬಿಟ್ಟು ಬಂದವರಲ್ಲಿ ನಮ್ಮ ಅಜ್ಜಿಯ ಮನೆಯವರೂ ಸೇರಿದ್ದರು. ಅಜ್ಜಿಗೆ ಆ ಹಳೆಯ ಊರಿನ ಒಂದೊಂದು ಗದ್ದೆಯ ಹೆಸರೂ ಬಾಯಿಪಾಠವಾಗಿತ್ತು. ಎಸ್ಸೆಸ್ಸೆಲ್ಸಿ ರಜೆಯಲ್ಲಿ ನಾನು ಅವಳ ಹತ್ತಿರ ಕೂತು ಗದ್ದೆ, ಬಂಡೆ, ಬಾವಿ, ಅಕ್ಕಪಕ್ಕದ ಮನೆಯವರು ಎಂದು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೆ. ಪುಣೆಯಲ್ಲಿರುವ ದೊಡ್ಡಪ್ಪನ ಮಗನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವನು ಕೇಳಿದನೆಂದು ಪಟ್ಟಿಯನ್ನೆಲ್ಲ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿದೆ. ನಾವೆಲ್ಲ ವಾಟ್ಸಾಪಿನಲ್ಲಿ ಬರೆಯುತ್ತೇವಲ್ಲ, ಹಾಗೆಯೇ.

ಮುಂದಿನ ಮಳೆಗಾಲದಲ್ಲಿ ಹಂಚಿನ ಸಂದಿಯಿಂದ ನೀರು ಸೋರಿ ಆ ನೋಟ್‌ಬುಕ್ ಮುದ್ದೆಯಾಯಿತು. ಅದೇ ವರ್ಷ ಅಜ್ಜಿಯೂ ಹೋದಳು. ಉಳಿದದ್ದು ಅಣ್ಣನಿಗೆ ಕಳಿಸಿದ ಆ ಸಂದೇಶ ಮಾತ್ರ. ಅದರಿಂದ ಕನ್ನಡ ಪಟ್ಟಿಯನ್ನು ಮತ್ತೆ ಬರೆಯಲು ಕೂತಾಗ ನಾಲ್ಕನೆಯ ಸಾಲಿನಲ್ಲೇ ನಿಂತುಬಿಟ್ಟೆ. ಅಲ್ಲಿ `Balegadde` ಎಂದಿತ್ತು.

ಅಪ್ಪ ಹೇಳಿದರು, ಅದು ಬಾಳೆಗದ್ದೆ, ಬಾಳೆ ಇತ್ತು ಅಲ್ಲಿ. ಅತ್ತೆ ಹೇಳಿದಳು, ಅಲ್ಲವೇ ಅಲ್ಲ, ಅದು ಬಲೆಗದ್ದೆ, ಬಲೆ ಒಣಗಿಸುತ್ತಿದ್ದದ್ದು ಅಲ್ಲೇ. ಬಳೆಗದ್ದೆ ಎಂದೂ ಓದಬಹುದು. ಲೆಕ್ಕ ಹಾಕಿ ನೋಡಿದೆ. ನಾನು ಬರೆದ ರೀತಿಯಲ್ಲಿ `a` ಎಂದರೆ ಅ ಅಥವಾ ಆ, `l` ಎಂದರೆ ಲ ಅಥವಾ ಳ, `e` ಎಂದರೆ ಎ ಅಥವಾ ಏ, `dd` ಎಂದರೆ ದ್ದ ಅಥವಾ ಡ್ಡ. ಆ ಒಂದು ಹೆಸರಿನಲ್ಲಿ ಇಂಥ ಅನುಮಾನದ ಜಾಗಗಳು ಆರು. ಪ್ರತಿಯೊಂದಕ್ಕೂ ಎರಡು ದಾರಿ ಎಂದರೆ ಒಟ್ಟು 64 ಓದು. ಅದರಲ್ಲಿ ಹೆಚ್ಚಿನವಕ್ಕೆ ಅರ್ಥವಿಲ್ಲ, ನಿಜ. ಆದರೆ ಅರ್ಥವಿರುವ ಮೂರರಲ್ಲಿ ಅಜ್ಜಿ ಹೇಳಿದ್ದು ಯಾವುದು ಎಂದು ಆರಿಸಲು ಆ ಬರಹದಲ್ಲಿ ಏನೂ ಉಳಿದಿರಲಿಲ್ಲ.

ಕನ್ನಡದಲ್ಲಿರುವ ಭೇದಗಳಿಗೆ ಇಂಗ್ಲಿಷಿನ 26 ಅಕ್ಷರ ಸಾಲುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕಾಗಿಯೇ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಹಾಕಿ ಬರೆಯುವ ಕ್ರಮಗಳಿವೆ. ಶಾಸನಗಳ ಪುಸ್ತಕಗಳಲ್ಲಿ ಇದು ಹಳೆಯ ರೂಢಿ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಪಾಠವನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಅಚ್ಚು ಹಾಕಿದ್ದಾರೆ. ಭಾರತದ ಲಿಪಿಗಳಿಗೆಲ್ಲ ಹೊಂದುವಂತೆ 2001ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕ್ರಮಕ್ಕೆ `ISO 15919` ಎಂದು ಹೆಸರು. ನಾನು ಹಿಡಿದದ್ದು ಅದನ್ನೇ. ದೀರ್ಘ ಸ್ವರಕ್ಕೆ ಮೇಲೆ ಗೆರೆ. ಟ, ಡ, ಣ, ಳ, ಷ ಇವಕ್ಕೆ ಕೆಳಗೆ ಚುಕ್ಕಿ. ಅನುಸ್ವಾರಕ್ಕೆ ಮೇಲೆ ಚುಕ್ಕಿಯ `ṁ`. ಶ ಎಂದರೆ `ś`. ಮಹಾಪ್ರಾಣಕ್ಕೆ ಮಾತ್ರ `h` ಸೇರಿಸುವುದು. ಆಗ ಮೂರು ಗದ್ದೆಗಳು ಬೇರೆ ಬೇರೆಯಾಗಿಯೇ ಉಳಿಯುತ್ತವೆ.

```
ಬಲೆಗದ್ದೆ     balegadde
ಬಳೆಗದ್ದೆ     baḷegadde
ಬಾಳೆಗದ್ದೆ    bāḷegadde
ತೋಡೂರು     tōḍūru
ಆಮದಳ್ಳಿ      āmadaḷḷi
ಕಾರವಾರ      kāravāra
```

ಕೊನೆಯ ಸಾಲನ್ನು ನೋಡಿ. ಬಸ್ಸಿನ ಬೋರ್ಡಿನಲ್ಲಿ `Karwar` ಎಂದಿರುತ್ತದೆ. ಅದನ್ನು ಅಕ್ಷರಕ್ಕೆ ಅಕ್ಷರ ಹಿಂದಕ್ಕೆ ತಂದರೆ ಕರ್ವರ್ ಆದೀತು. ಸ್ವರವಿದ್ದರೆ `a` ಬರೆಯಲೇಬೇಕು, ಇಲ್ಲದಿದ್ದರೆ ಬರೆಯಲೇಬಾರದು. ಖಾದರ ಎಂದರೆ `khādara`, ಖಾದರ್ ಎಂದರೆ `khādar`. ಒಂದು ಅಕ್ಷರದ ಈ ಭೇದವೇ ಒಂದೇ ಹೆಸರಿನ ಇಬ್ಬರು ನೆರೆಯವರನ್ನು ಬೇರೆ ಮಾಡಿಟ್ಟಿರಬಹುದು.

ಕ್ರಮ ಯಾವುದಾದರೂ ಆಗಲಿ, ಒಂದನ್ನೇ ಹಿಡಿಯಬೇಕು. ಎರಡನ್ನು ಬೆರೆಸಿದರೆ ಕ್ರಮವಿಲ್ಲದ ಬರಹಕ್ಕಿಂತ ಹೆಚ್ಚು ತೊಂದರೆ, ಏಕೆಂದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸಂಸ್ಕೃತಕ್ಕೆಂದು ಮಾಡಿದ `IAST` ಎಂಬ ಕ್ರಮ ನೋಡಲು ಹೆಚ್ಚು ಕಡಿಮೆ ಇದೇ ರೀತಿ ಇದೆ. ಆದರೆ ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ. ಹಾಗಾಗಿ ಅಲ್ಲಿ ಏ ಎಂಬುದನ್ನು ಗೆರೆಯಿಲ್ಲದೆ ಬರೀ `e` ಎಂದು ಬರೆಯುತ್ತಾರೆ. ನಮ್ಮ ಅಂಕೋಲಾ ತಾಲೂಕಿನ ಬೇಲೇಕೇರಿಯನ್ನು ಆ ಕ್ರಮದಲ್ಲಿ `belekeri` ಎಂದು ಬರೆದು, ಆಮೇಲೆ ನನ್ನ ಕ್ರಮದಲ್ಲಿ ಓದಿದರೆ ಬೆಲೆಕೆರಿ ಆಗುತ್ತದೆ. ಕೇರಿ ಹೋಗಿ ಕೆರಿ ಉಳಿಯಿತು! ಸರಿಯಾದದ್ದು `bēlēkēri`. ಅದಕ್ಕೇ ಪಟ್ಟಿಯ ಮೊದಲ ಸಾಲಿನಲ್ಲೇ ಯಾವ ಕ್ರಮ ಎಂದು ಬರೆದಿಟ್ಟೆ. `ISO 15919` ಒಳಗೂ ಅನುಸ್ವಾರಕ್ಕೆ ಎರಡು ದಾರಿಗಳಿವೆ. ಅಂಕೋಲಾ ಎಂಬುದನ್ನು `aṁkōlā` ಎಂದು ಸೊನ್ನೆಯನ್ನು ಸೊನ್ನೆಯಾಗಿಯೇ ಇಡಬಹುದು, ಅಥವಾ ಉಚ್ಚಾರ ನೋಡಿ `aṅkōlā` ಎನ್ನಬಹುದು. ಎರಡನೆಯದು ಓದಲು ಚೆಂದ. ಆದರೆ ಹಿಂದಕ್ಕೆ ಬರುವಾಗ ಅದು ಅಂಕೋಲಾ ಆಗಿತ್ತೋ ಅಙ್ಕೋಲಾ ಆಗಿತ್ತೋ ತಿಳಿಯದು. ನಾನು ಸೊನ್ನೆಯನ್ನೇ ಉಳಿಸಿದೆ.

ಗೆರೆ ಚುಕ್ಕಿಗಳ ಗೋಜೇ ಬೇಡ ಎನ್ನುವವರಿಗೆ ಬರಹ ತಂತ್ರಾಂಶದ ಟೈಪಿಂಗ್ ಕ್ರಮವಿದೆ. ಅದರಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಿಂದಲೇ ಭೇದ ತೋರಿಸುತ್ತಾರೆ. ತೋಡೂರು ಎಂದರೆ `tODUru`. ಮೊದಲು ನಾನೂ ಹಾಗೆಯೇ ಮಾಡಿದ್ದೆ, ಟೈಪ್ ಮಾಡಲು ಬಹಳ ಸಲೀಸು. ಆದರೆ ಪಟ್ಟಿಯನ್ನು ಅಂದಗೊಳಿಸಲು ಹೋಗಿ ಸ್ಪ್ರೆಡ್‌ಶೀಟಿನಲ್ಲಿ ಹೆಸರುಗಳ ಮೊದಲಕ್ಷರ ಮಾತ್ರ ದೊಡ್ಡದಾಗಲಿ ಎಂದು ಆಜ್ಞೆ ಕೊಟ್ಟೆ. `tODUru` ಹೋಗಿ `Toduru` ಆಯಿತು. ಅದನ್ನು ಅದೇ ಕ್ರಮದಲ್ಲಿ ಓದಿದರೆ ಟೊದುರು! ಊರಿನ ಹೆಸರಿನಲ್ಲಿ ಕೊನೆಯ ರು ಬಿಟ್ಟು ಬೇರೇನೂ ಉಳಿಯಲಿಲ್ಲ. ಗೆರೆ ಚುಕ್ಕಿಯ ಕ್ರಮದಲ್ಲಿ ಈ ಭಯವಿಲ್ಲ. ಅಲ್ಲಿ ದೊಡ್ಡಕ್ಷರಕ್ಕೆ ಬೇರೆ ಅರ್ಥವಿಲ್ಲದ ಕಾರಣ `Tōḍūru` ಎಂದು ಬರೆದರೂ ತೋಡೂರೇ.

ಎರಡನೆಯ ಪಟ್ಟಿ ಮಾಡಿದ್ದು ಹೋದ ದಸರಾ ರಜೆಯಲ್ಲಿ. ಅಜ್ಜಿಯ ತಂಗಿ, ನಮ್ಮ ಸಣ್ಣಜ್ಜಿ, ಇನ್ನೂ ಇದ್ದಾಳೆ. ಅವಳ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಮತ್ತೆ ಮತ್ತೆ ಕೇಳಿ ಮೊದಲು ಕನ್ನಡದಲ್ಲಿ ಬರೆದೆ. ಒಟ್ಟು 74 ಹೆಸರು. ಆಮೇಲೆ ಪಕ್ಕದ ಕಾಲಂನಲ್ಲಿ ಲ್ಯಾಟಿನ್ ಅಕ್ಷರ. ಸರಿಯಾಯಿತೋ ಇಲ್ಲವೋ ಎಂದು ನಾನೇ ನೋಡಿದರೆ ಪ್ರಯೋಜನವಿಲ್ಲ, ನನಗೆ ಹೆಸರು ಮೊದಲೇ ಗೊತ್ತಲ್ಲ. ಅದಕ್ಕೆ ತರಗತಿಯ ಗೆಳೆಯನೊಬ್ಬನಿಗೆ ಲ್ಯಾಟಿನ್ ಕಾಲಂ ಮಾತ್ರ ಕೊಟ್ಟು, ಯಾವ ಅಕ್ಷರಕ್ಕೆ ಯಾವುದು ಎಂಬ ಒಂದು ಹಾಳೆಯನ್ನೂ ಕೊಟ್ಟು, ಕನ್ನಡಕ್ಕೆ ತಿರುಗಿಸು ಎಂದೆ. ಅವನು ಬರೆದದ್ದನ್ನು ಮೂರನೆಯ ಕಾಲಂನಲ್ಲಿ ಹಾಕಿ, ನಾಲ್ಕನೆಯದರಲ್ಲಿ `=EXACT(A2,C2)` ಎಂದು ಕೊಟ್ಟೆ. ಎರಡೂ ಒಂದೇ ಆಗಿದ್ದರೆ `TRUE`, ಕೂದಲಷ್ಟು ಬೇರೆಯಾದರೂ `FALSE`.

ಮೂರು ಕಡೆ `FALSE` ಬಂತು. ಒಂದು ನನ್ನ ಕೈತಪ್ಪು, ಣ ಇದ್ದಲ್ಲಿ ಚುಕ್ಕಿ ಮರೆತಿದ್ದೆ. ಎರಡನೆಯದು ಅದ್ಹಂ ಎಂಬ ಹೆಸರು. ನಾನು `adhaṁ` ಎಂದು ಬರೆದಿದ್ದೆ, ಗೆಳೆಯ ಅಧಂ ಎಂದು ಓದಿದ್ದ. ಅವನದೇನೂ ತಪ್ಪಿಲ್ಲ, `dh` ಎಂದರೆ ಧ ಎಂದು ಹಾಳೆಯಲ್ಲಿ ನಾನೇ ಬರೆದುಕೊಟ್ಟಿದ್ದೆ. ಇಂಥ ಕಡೆ ನಡುವೆ ಎರಡು ಚುಕ್ಕಿ ಹಾಕಿ `ad:haṁ` ಎಂದು ಬಿಡಿಸಿ ತೋರಿಸಬೇಕು. ಇಸ್ಹಾಕ್ ಎಂಬ ಹೆಸರಿಗೆ ಮಾತ್ರ ಈ ತೊಂದರೆ ಬರಲಿಲ್ಲ. ವಾಟ್ಸಾಪ್ ಬರಹದಲ್ಲಾದರೆ `sh` ಕಂಡವರು ಇಶಾಕ್ ಎಂದು ಓದಿಬಿಡುತ್ತಾರೆ. ಈ ಕ್ರಮದಲ್ಲಿ ಶ ಎಂಬುದು `ś` ಆದ್ದರಿಂದ `ishāk` ಎಂದರೆ ಇಸ್ಹಾಕ್ ಒಂದೇ.

ಮೂರನೆಯದು ನನ್ನನ್ನು ಅರ್ಧ ಗಂಟೆ ಕಾಡಿತು. ಅವರ್ಸಾ ಎಂಬುದು ಎರಡೂ ಕಾಲಂನಲ್ಲಿ ಒಂದೇ ರೀತಿ ಕಾಣುತ್ತಿತ್ತು, ಆದರೂ `FALSE`. ಕೊನೆಗೆ ಒಂದೊಂದೇ ಅಕ್ಷರ ಅಳಿಸುತ್ತಾ ಹೋದಾಗ ಒಂದು ಕಡೆ ಕೀಲಿ ಒತ್ತಿದರೂ ಏನೂ ಅಳಿಯಲಿಲ್ಲ. ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಸಂಕೇತ ಅಂಟಿಕೊಂಡಿತ್ತು. ಒತ್ತಕ್ಷರ ಕೂಡದಂತೆ ತಡೆಯಲು ಕನ್ನಡ ಕೀಲಿಮಣೆಗಳಲ್ಲಿ ಇಂಥ ಸಂಕೇತವಿರುತ್ತದೆ, ಎಲ್ಲೋ ಕೈತಾಗಿ ಬಂದಿರಬೇಕು. ಲ್ಯಾಟಿನ್ ಕಡೆಯೂ ಇಂಥದೇ ಒಂದು ಗುಪ್ತ ಕಾಟವಿದೆ. `ḷ` ಎಂಬುದನ್ನು ಕಂಪ್ಯೂಟರ್ ಒಂದೇ ಅಕ್ಷರವಾಗಿಯೂ ಇಟ್ಟುಕೊಳ್ಳಬಹುದು, `l` ಮತ್ತು ಚುಕ್ಕಿ ಎಂದು ಎರಡಾಗಿಯೂ ಇಟ್ಟುಕೊಳ್ಳಬಹುದು. ಕಣ್ಣೆದುರೇ ಇರುವ ಹೆಸರನ್ನು ಹುಡುಕಿದಾಗ ಸಿಗಲಿಲ್ಲ ಎಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಪೈಥಾನ್ ಗೊತ್ತಿದ್ದವರಿಗೆ ಇದು ಎರಡು ಸಾಲಿನ ಕೆಲಸ.

```
import unicodedata
s = unicodedata.normalize("NFC", s)
```

ಇದಿಷ್ಟರಿಂದ ಪುಟದ ಮೇಲಿದ್ದ ಅಕ್ಷರ ಹಿಂದಕ್ಕೆ ಸಿಗುತ್ತದೆ, ಅಷ್ಟೇ. ಸಣ್ಣಜ್ಜಿಯ ಬಾಯಲ್ಲಿ ಊರಿನ ಹೆಸರು ತೋಡೂರ ಎಂದೇ ಬರುತ್ತದೆ. ನಾನು ಕನ್ನಡದಲ್ಲಿ ಬರೆಯುವಾಗಲೇ ತೋಡೂರು ಎಂದು ತಿದ್ದಿಬಿಟ್ಟರೆ, ಮುಂದಿನ ಯಾವ ಕ್ರಮವೂ ಅವಳ ಮಾತನ್ನು ಮರಳಿ ಕೊಡಲಾರದು. ಕೊಂಕಣಿ ಹೆಸರುಗಳಲ್ಲಂತೂ ಚ ಎಂಬ ಒಂದೇ ಅಕ್ಷರಕ್ಕೆ ಎರಡು ಉಚ್ಚಾರಗಳಿವೆ. ಕನ್ನಡ ಲಿಪಿಯಲ್ಲಿ ಬರೆದಾಗಲೇ ಆ ಭೇದ ಕಳೆದಿರುತ್ತದೆ. ಅದಕ್ಕಾಗಿ ಧ್ವನಿಮುದ್ರಣವನ್ನೂ ಇಟ್ಟುಕೊಂಡಿದ್ದೇನೆ, ಯಾವ ಹೆಸರು ಎಷ್ಟನೆಯ ನಿಮಿಷದಲ್ಲಿ ಬರುತ್ತದೆ ಎಂದೂ ಬರೆದಿಟ್ಟಿದ್ದೇನೆ.

ಜನರ ಹೆಸರಿನ ವಿಷಯದಲ್ಲಿ ಗೆಳತಿಯೊಬ್ಬಳು ಕೇಳಿದಳು, ನನ್ನ ಆಧಾರ್ ಕಾರ್ಡಿನಲ್ಲಿ `Fatima` ಎಂದಿದೆ, ನೀನು `phātimā` ಎಂದು ಯಾಕೆ ಬರೆಯುತ್ತೀಯ ಎಂದು. ಪ್ರಶ್ನೆ ಸರಿಯೇ. ಕನ್ನಡದಲ್ಲಿ ಫಾತಿಮಾ ಎಂದು ಬರೆದಿದ್ದರೆ ಕ್ರಮದ ಪ್ರಕಾರ `phātimā`. ಅಡಿಯಲ್ಲಿ ಎರಡು ಚುಕ್ಕಿ ಇಟ್ಟು ಫ಼ಾತಿಮಾ ಎಂದು ಬರೆದಿದ್ದರೆ ಮಾತ್ರ `fātimā`. ಅಕ್ಷರವನ್ನು ಕಾಯುವುದಷ್ಟೇ ನನ್ನ ಕಾಲಂನ ಕೆಲಸ. ಅವಳ ಸಹಿಯನ್ನು ತಿದ್ದುವ ಅಧಿಕಾರ ಅದಕ್ಕಿಲ್ಲ. ಹಾಗಾಗಿ ಜನರ ಹೆಸರಿಗೆ ಇನ್ನೊಂದು ಕಾಲಂ ಸೇರಿಸಿ, ಅವರವರು ಇಂಗ್ಲಿಷಿನಲ್ಲಿ ಹೇಗೆ ಬರೆದುಕೊಳ್ಳುತ್ತಾರೋ ಹಾಗೆಯೇ ಅಲ್ಲಿ ಬರೆದೆ.

ಪಟ್ಟಿ ಈಗ ಪುಣೆಗೂ ಹೋಗಿದೆ, ನಮ್ಮ ಮನೆಯಲ್ಲೂ ಎರಡು ಪ್ರತಿ ಇದೆ. ನಾಲ್ಕನೆಯ ಸಾಲಿನ ಗದ್ದೆಯ ಬಗ್ಗೆ ಸಣ್ಣಜ್ಜಿಯನ್ನು ಕೇಳಿದೆ. ಅವಳು ಮದುವೆಯಾಗಿ ಬೇರೆ ಊರಿಗೆ ಹೋದವಳು, ಆ ಗದ್ದೆ ಅವಳಿಗೆ ನೆನಪಿಲ್ಲ. ಅಪ್ಪ, ಅತ್ತೆ ಇಬ್ಬರೂ ತಮ್ಮ ತಮ್ಮ ಮಾತನ್ನು ಬಿಟ್ಟುಕೊಟ್ಟಿಲ್ಲ. ಆ ಸಾಲಿನಲ್ಲಿ ಕನ್ನಡದ ಕಾಲಂ ಖಾಲಿ ಬಿಟ್ಟಿದ್ದೇನೆ. ಪಕ್ಕದಲ್ಲಿ ನನ್ನ ಹಳೆಯ ಸಂದೇಶದಲ್ಲಿದ್ದ `Balegadde` ಹಾಗೆಯೇ ಇದೆ, ಇದು ಕ್ರಮದ ಬರಹವಲ್ಲ ಎಂಬ ಟಿಪ್ಪಣಿಯೊಂದಿಗೆ.