ಚಿಕ್ಕ ಮಾತ್ರೆ, ಕುಸಿದ ಸೋಡಿಯಂ

ವೈದ್ಯರು ಮತ್ತೆ ಮತ್ತೆ ನೋಡುವ ಒಂದು ಮಾದರಿ ಪ್ರಕರಣ ಹೀಗಿರುತ್ತದೆ. 72 ವರ್ಷದ, 44 ಕೆಜಿ ತೂಕದ ಅಜ್ಜಿಗೆ ಬಿಪಿ ಹತೋಟಿಗೆ ಬಂದಿಲ್ಲವೆಂದು ಹಳೆಯ ಮಾತ್ರೆಯ ಜೊತೆಗೆ ಕ್ಲೋರ್ಥಾಲಿಡೋನ್ 12.5 ಮಿಲಿಗ್ರಾಂ ಸೇರಿಸಿದ್ದಾರೆ. ಬೇಸಿಗೆಯಾದ್ದರಿಂದ ಮನೆಯವರು ನೀರು, ಮಜ್ಜಿಗೆ ಧಾರಾಳವಾಗಿ ಕುಡಿಸುತ್ತಿದ್ದಾರೆ. ಊಟವೆಂದರೆ ಒಂದಿಷ್ಟು ಗಂಜಿ. ಹನ್ನೆರಡನೆಯ ದಿನಕ್ಕೆ ಸುಸ್ತು, ವಾಕರಿಕೆ, ನಡೆಯುವಾಗ ತೂರಾಟ. ಹದಿನಾಲ್ಕನೆಯ ದಿನ ಮಗಳನ್ನೇ ‘ಯಾರಮ್ಮ ನೀನು?’ ಎಂದು ಕೇಳುತ್ತಾರೆ.

ಲಕ್ವ ಹೊಡೆದಿರಬಹುದೆಂದು ಗಾಬರಿಯಾಗಿ ಆಸ್ಪತ್ರೆಗೆ ಕರೆತಂದರೆ ತಲೆಯ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ರಕ್ತಪರೀಕ್ಷೆಯ ಚೀಟಿಯಲ್ಲಿ ಉತ್ತರವಿದೆ: ಸೋಡಿಯಂ 116, ಪೊಟ್ಯಾಸಿಯಂ 2.9. ಸೋಡಿಯಂ 135ರಿಂದ 145ರ ನಡುವೆ, ಪೊಟ್ಯಾಸಿಯಂ 3.5ರಿಂದ 5ರ ನಡುವೆ ಇರಬೇಕಿತ್ತು.

ಅಷ್ಟು ಚಿಕ್ಕ ಮಾತ್ರೆ ಇಷ್ಟು ಮಾಡಿದ್ದು ಹೇಗೆ? ಕಿಡ್ನಿಯ ಲೆಕ್ಕಾಚಾರ ನೋಡಿದರೆ ತಿಳಿಯುತ್ತದೆ. ಅದು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಅದರಲ್ಲಿ ಕರಗಿರುವ ಉಪ್ಪು ಹತ್ತಿರ ಹತ್ತಿರ ಒಂದೂವರೆ ಕೆಜಿ. ಸೋಸಿದ ದ್ರವ ಸೂಕ್ಷ್ಮ ನಳಿಕೆಗಳಲ್ಲಿ ಹರಿಯುವಾಗ ಕೆಲವೇ ಗ್ರಾಂ ಬಿಟ್ಟು ಉಳಿದ ಉಪ್ಪೆಲ್ಲ ರಕ್ತಕ್ಕೆ ವಾಪಸಾಗುತ್ತದೆ. ಮೂರರಲ್ಲಿ ಎರಡು ಪಾಲು ನಳಿಕೆಯ ಮೊದಲ ಭಾಗದಲ್ಲೇ ಮರಳುತ್ತದೆ. ಮುಂದೆ ನಳಿಕೆ ಕಿಡ್ನಿಯ ಒಳಪದರಕ್ಕಿಳಿದು ಮತ್ತೆ ಮೇಲೇರುವ ಕುಣಿಕೆಯಲ್ಲಿ ಶೇ. 25ರಷ್ಟು, ಅದರಾಚೆಯ ತುಣುಕಿನಲ್ಲಿ ಶೇ. 5ರಷ್ಟು.

ಮೂತ್ರ ಹೆಚ್ಚಿಸುವ ಎರಡು ಬಗೆಯ ಔಷಧಿಗಳು ಈ ಎರಡು ಜಾಗಗಳಲ್ಲೇ ಕೆಲಸ ಮಾಡುತ್ತವೆ. ಫ್ಯುರೋಸೆಮೈಡ್, ಟಾರ್ಸೆಮೈಡ್‌ನಂಥ ಲೂಪ್ ಔಷಧಿಗಳು ಕುಣಿಕೆಯ ಏರುಭಾಗದಲ್ಲಿ ಉಪ್ಪನ್ನು ಒಳಗೆಳೆಯುವ ಪ್ರೋಟೀನನ್ನು ತಡೆಯುತ್ತವೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದಾಗ ಬೇಕಾಗುವುದು ಇವು. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್‌ನಂಥ ಥಯಜೈಡ್ ಗುಂಪಿನವು ಆಮೇಲಿನ ತುಣುಕಿನಲ್ಲಿ ಅದೇ ಕೆಲಸ ಮಾಡುತ್ತವೆ. ಇವುಗಳಿಂದ ಮೂತ್ರ ಅಷ್ಟೇನೂ ಹೆಚ್ಚುವುದಿಲ್ಲ, ಬಿಪಿ ನಿಧಾನವಾಗಿ ಇಳಿಯುತ್ತದೆ.

ಬಲವಾದದ್ದು ಲೂಪ್ ಔಷಧಿ. ಆದರೂ ಸೋಡಿಯಂ ತೀರಾ ಕುಸಿಯುವುದು ಹೆಚ್ಚಾಗಿ ಥಯಜೈಡ್‌ನಿಂದಲೇ.

ಕಾರಣ ಕುಣಿಕೆಯಲ್ಲಿದೆ. ಏರುಭಾಗ ಉಪ್ಪನ್ನು ಹೊರಗೆ ದಬ್ಬಿ ಕಿಡ್ನಿಯ ಒಳಪದರವನ್ನು ಉಪ್ಪುಪ್ಪಾಗಿ ಇಟ್ಟಿರುತ್ತದೆ. ನೀರು ಉಳಿಸಿಕೊಳ್ಳಬೇಕಾದಾಗ ಮೆದುಳಿನಿಂದ ವ್ಯಾಸೋಪ್ರೆಸಿನ್ ಹಾರ್ಮೋನು ಬರುತ್ತದೆ. ಆಗ ಕೊನೆಯ ನಳಿಕೆಯ ನೀರನ್ನು ಆ ಉಪ್ಪು ಪದರ ತನ್ನತ್ತ ಸೆಳೆದುಕೊಳ್ಳುತ್ತದೆ. ಲೂಪ್ ಔಷಧಿ ಈ ಪದರದ ಉಪ್ಪನ್ನೇ ತೆಳುವಾಗಿಸುವುದರಿಂದ ನೀರು ಸೆಳೆಯುವ ಶಕ್ತಿ ಕುಗ್ಗಿ, ಉಪ್ಪಿನೊಂದಿಗೆ ನೀರೂ ಹೋಗುತ್ತದೆ. ಥಯಜೈಡ್ ಕುಣಿಕೆಯನ್ನು ಮುಟ್ಟುವುದಿಲ್ಲ. ಉಪ್ಪು ಹೋಗುತ್ತಿರುತ್ತದೆ, ನೀರು ಉಳಿಯುತ್ತಿರುತ್ತದೆ, ರಕ್ತದ ಸೋಡಿಯಂ ತೆಳುವಾಗುತ್ತದೆ. ಕಡಿಮೆ ತೂಕದ ವಯಸ್ಸಾದ ಹೆಂಗಸರಿಗೆ ಅಪಾಯ ಹೆಚ್ಚು. ನೀರು ಹೊರಹೋಗಲು ಆಹಾರದಿಂದ ಬರುವ ಉಪ್ಪು, ಪ್ರೋಟೀನಿನ ಅಂಶಗಳೂ ಬೇಕು. ಗಂಜಿಯೂಟದ ಅಜ್ಜಿಗೆ ಅವೂ ಕಡಿಮೆ.

ಪೊಟ್ಯಾಸಿಯಂ ವಿಷಯದಲ್ಲಿ ಮಾತ್ರ ಎರಡೂ ಗುಂಪುಗಳ ದಾರಿ ಒಂದೇ. ಮೇಲೆ ತಡೆಯಲ್ಪಟ್ಟ ಸೋಡಿಯಂ ಕೊನೆಯ ನಳಿಕೆಗೆ ಬಂದು ಸೇರುತ್ತದೆ. ಅಲ್ಲಿ ಅಲ್ಡೋಸ್ಟಿರೋನ್ ಹಾರ್ಮೋನಿನ ಒತ್ತಾಸೆಯಿಂದ ಸೋಡಿಯಂ ಒಳಗೆ ಬಂದಂತೆಲ್ಲ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಸ್ನಾಯು ಸೋಲುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ಹೃದಯದ ಬಡಿತ ತಪ್ಪಬಹುದು. ಮೆಗ್ನೀಸಿಯಂ ಕೂಡ ಸೋರಿಹೋಗಿದ್ದರೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ನಿಲ್ಲುವುದಿಲ್ಲ. ಮೊದಲು ಅದನ್ನು ತುಂಬಬೇಕು.

ಅಜ್ಜಿಯ ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ ಆ ಮಾತ್ರೆ ನಿಲ್ಲಿಸುವುದು. ಕುಡಿಯುವ ನೀರಿಗೆ ವೈದ್ಯರು ಮಿತಿ ಹಾಕುತ್ತಾರೆ, ಪೊಟ್ಯಾಸಿಯಂ ಕೊಡುತ್ತಾರೆ. ಫಿಟ್ಸ್ ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ಗಾಢ ಉಪ್ಪುನೀರಿನ ಡ್ರಿಪ್ ಬೇಕಾಗುತ್ತದೆ. ಆದರೆ ಅವಸರ ಇಲ್ಲಿ ಅಪಾಯ. ತಗ್ಗಿದ ಸೋಡಿಯಂಗೆ ಒಗ್ಗಿಕೊಂಡ ಮೆದುಳಿನಲ್ಲಿ ಅದು ಸರ್ರನೆ ಏರಿದರೆ ನರಗಳ ಹೊದಿಕೆ ಹಾಳಾಗಿ ಮಾತು, ನಡಿಗೆ ಶಾಶ್ವತವಾಗಿ ಹೋಗಬಹುದು. ಹೀಗಾಗಿ ಇಂಥವರಲ್ಲಿ 24 ಗಂಟೆಗೆ 8 ಅಂಕಕ್ಕಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಾರೆ. ಮಾತ್ರೆಯ ಪ್ರಭಾವ ಇಳಿದೊಡನೆ ಕಿಡ್ನಿ ತಾನಾಗಿಯೇ ನೀರು ಹೊರಹಾಕತೊಡಗುತ್ತದೆ, ಪೊಟ್ಯಾಸಿಯಂ ಕೊಟ್ಟಾಗಲೂ ಸೋಡಿಯಂ ಏರುತ್ತದೆ. ಆದ್ದರಿಂದ ಕೆಲವೇ ಗಂಟೆಗಳಿಗೊಮ್ಮೆ ರಕ್ತ ತೆಗೆದು ನೋಡುತ್ತಾರೆ.

ನಾಲ್ಕೈದು ದಿನಕ್ಕೆ ಸೋಡಿಯಂ 132ಕ್ಕೆ ಬಂದಿದೆ, ಅಜ್ಜಿ ಮಗಳ ಹೆಸರು ಹಿಡಿದು ಕರೆಯುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ವೈದ್ಯರು ಬಿಪಿಗೆ ಬೇರೆ ಮಾತ್ರೆ ಬರೆದು, ಮೇಲುಗಡೆ ದಪ್ಪಕ್ಷರದಲ್ಲಿ ‘ಥಯಜೈಡ್ ಮತ್ತೆ ಕೊಡಬಾರದು’ ಎಂದು ನಮೂದಿಸುತ್ತಾರೆ. ಹೊಸದಾಗಿ ಈ ಮಾತ್ರೆ ಶುರು ಮಾಡಿದ ವಯಸ್ಸಾದವರಿಗೆ ಒಂದೆರಡು ವಾರದಲ್ಲಿ ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿದ್ದರೆ ಕುಸಿತ ಮೊದಲೇ ಕಾಣುತ್ತಿತ್ತು.